"ಲೀಕ್ ಆಗ್ತಿದೆ ಬನ್ನಿ" ಅನ್ನೋ ಬದ್ಲು ಪ್ಲಂಬರ್‌ಗೆ ಏನ್ ಬರೆದು ಕಳಿಸ್ಬೇಕು?

ಪ್ರಶ್ನೆ: ಸರ್, ಮೇಲಿನ ಬಾತ್ರೂಮ್ ಕೆಳಗೆ ಬರೋ ರೂಮಿನ ಸೀಲಿಂಗಲ್ಲಿ ತೇವದ ಕಲೆ ಬಂದಿದೆ. ಪ್ಲಂಬರ್‌ಗೆ "ಲೀಕ್ ಆಗ್ತಿದೆ ಬನ್ನಿ" ಅಂತ ಮೆಸೇಜ್ ಹಾಕಿ ಒಂದು ಫೋಟೋನೂ ಕಳಿಸ್ದೆ. ಎರಡು ಸಲ ಬಂದ್ರು, ಬಂದಾಗೆಲ್ಲ ಒಣಗಿರುತ್ತೆ, ಎಲ್ಲಿಂದ ಅಂತ ಗೊತ್ತಾಗ್ತಿಲ್ಲ ಟೈಲ್ಸ್ ಒಡೆದೇ ನೋಡ್ಬೇಕು ಅಂತಾರೆ. ಹೇಗೆ ಬರೆದು ಯಾವ ಫೋಟೋ ಕಳಿಸಿದ್ರೆ ಒಡೆಯೋ ಮುಂಚೆನೇ ಗೊತ್ತಾಗುತ್ತೆ?

ಉತ್ತರ: ಟೈಲ್ಸ್ ಒಡೆಯೋಕೆ ಈಗ್ಲೇ ಒಪ್ಕೋಬೇಡಿ. ಅವರು ಬಂದಾಗ ಒಣಗಿರುತ್ತೆ ಅಂದ್ರಲ್ಲ, ನಿಮ್ಮ ಹತ್ರ ಇರೋ ದೊಡ್ಡ ಸುಳಿವು ಅದೇ, ಆದ್ರೆ ಅದು ನಿಮ್ಮ ಮೆಸೇಜಲ್ಲೇ ಇರ್ಲಿಲ್ಲ. ನಾನು ಇಷ್ಟು ವರ್ಷ ಈ ಕೆಲ್ಸ ಮಾಡಿ ಹೇಳ್ತೀನಿ, ಸೀಲಿಂಗ್ ಕಲೆ ವಿಷ್ಯದಲ್ಲಿ ಪ್ಲಂಬರ್‌ಗೆ ಮೊದ್ಲು ಬೇಕಾಗಿರೋದು ಕಲೆ ಎಷ್ಟು ದೊಡ್ಡದು ಅನ್ನೋದಲ್ಲ, ಅದು ಯಾವಾಗ ಒದ್ದೆ ಆಗುತ್ತೆ, ಯಾವಾಗ ಒಣಗುತ್ತೆ, ಅದಕ್ಕೆ ಮುಂಚೆ ಮೇಲೆ ಯಾರು ಏನಕ್ಕೆ ನೀರು ಬಳಸಿದ್ರು ಅನ್ನೋದು. ಇದು ಮನೇಲಿ ಇರೋರಿಗೆ ಮಾತ್ರ ಗೊತ್ತಾಗೋ ವಿಷ್ಯ, ಹತ್ತು ನಿಮಿಷ ಬಂದು ಹೋಗೋ ನಮಗೆ ಗೊತ್ತಾಗೋದಿಲ್ಲ.

ಯಾಕೆ ಟೈಮ್ ಅಷ್ಟು ಮುಖ್ಯ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಇದು ತಲೆಗೆ ಹೋದ್ರೆ ಮೆಸೇಜ್ ತಾನಾಗೇ ಬರುತ್ತೆ. ಬಾತ್ರೂಮಿಂದ ಕೆಳಗೆ ನೀರು ಬರೋದಕ್ಕೆ ಮುಖ್ಯವಾಗಿ ಮೂರು ದಾರಿ. ಒಂದು ಸಪ್ಲೈ ಪೈಪ್, ಅಂದ್ರೆ ನಲ್ಲಿಗೆ ನೀರು ತರೋದು. ಅದರಲ್ಲಿ ನೀರು ಹಗಲೂ ರಾತ್ರಿ ಪ್ರೆಶರಲ್ಲಿ ನಿಂತಿರುತ್ತೆ, ಹಾಗಾಗಿ ಅದು ಸೋರಿದ್ರೆ ನೀವು ನಲ್ಲಿ ಮುಟ್ಟದೇ ಇದ್ರೂ ಸೋರುತ್ತೆ, ಬೆಳಿಗ್ಗೆ ಎದ್ದಾಗ ಕಲೆ ಒದ್ದೆಯಾಗೇ ಇರುತ್ತೆ. ಎರಡನೇದು ಡ್ರೈನ್ ಪೈಪ್, ಬಳಸಿದ ನೀರು ಹೊರಗೆ ಹೋಗೋದು. ಅದು ಬಹಳ ಹೊತ್ತು ಖಾಲಿ ಇರುತ್ತೆ, ನೀರು ಬಿಟ್ಟಾಗ ಮಾತ್ರ ಸೋರುತ್ತೆ. ಮೂರನೇದು ನೆಲ ಗೋಡೆ, ಅಂದ್ರೆ ಟೈಲ್ಸ್ ಮಧ್ಯದ ಸಂದಿಗೆ ತುಂಬಿದ ಗ್ರೌಟ್ ಹೋಗಿರೋದು, ನೆಲದ ನೀರು ಇಳಿದು ಹೋಗೋ ಜಾಲರಿ ಕೆಳಗಿನ ಟ್ರ್ಯಾಪ್ ಸುತ್ತ ಸಂದಿ ಬಿಟ್ಟಿರೋದು. ಪೈಪ್ ಎಲ್ಲಾ ಚೆನ್ನಾಗೇ ಇರುತ್ತೆ, ನೆಲ ಒದ್ದೆ ಆದಾಗ ಮಾತ್ರ ನೀರು ಇಳಿಯುತ್ತೆ.

ಇದರ ಜೊತೆ ಒಂದು ಕಳ್ಳ ದಾರಿ ಇದೆ, ತುಂಬಾ ಜನ ಪ್ಲಂಬರ್‌ಗಳೂ ಮರೀತಾರೆ. ಶವರ್ ತಿರುಗಿಸೋ ವಾಲ್ವಿಂದ ಮೇಲೆ ಶವರ್ ತಲೆವರೆಗೂ ಗೋಡೆ ಒಳಗೆ ಒಂದು ಪೈಪ್ ತುಂಡು ಹೋಗಿರುತ್ತಲ್ಲ, ಅದು ಸಪ್ಲೈ ಪೈಪೇ ಆದ್ರೂ ಶವರ್ ಆನ್ ಇದ್ದಾಗ ಮಾತ್ರ ಅದರಲ್ಲಿ ನೀರು ಓಡುತ್ತೆ. ಹಾಗಾಗಿ "ಸ್ನಾನ ಮಾಡಿದಾಗ ಮಾತ್ರ ಕಲೆ ಒದ್ದೆ ಆಗುತ್ತೆ" ಅಂದ ತಕ್ಷಣ ಡ್ರೈನೇ ಕಾರಣ ಅಂತ ತೀರ್ಮಾನ ಮಾಡೋಕಾಗಲ್ಲ, ಡ್ರೈನ್, ನೆಲ, ಈ ಶವರ್ ತುಂಡು ಮೂರೂ ಅದೇ ಹೊತ್ತಿಗೆ ಸೋರ್ತವೆ. ಇವನ್ನ ಬೇರೆ ಬೇರೆ ಮಾಡೋಕೆ ಪುಟ್ಟ ಪರೀಕ್ಷೆ ಇದೆ, ಮುಂದೆ ಹೇಳ್ತೀನಿ.

ಮೊದ್ಲು ಒಂದು ಪೆನ್ಸಿಲ್ ತಗೊಂಡು ಕಲೆಯ ಅಂಚಿನ ಸುತ್ತ ಗೆರೆ ಎಳೀರಿ, ಪಕ್ಕದಲ್ಲೇ ತಾರೀಕು ಟೈಮ್ ಬರೀರಿ. ಸೀಲಿಂಗ್ ಹಾಳಾಗುತ್ತೆ ಅಂತ ಯೋಚ್ನೆ ಬೇಡ, ಹೇಗೂ ರಿಪೇರಿ ಆದ್ಮೇಲೆ ಪೇಂಟ್ ಹೊಡೀಬೇಕು. ಕಲೆ ಗೆರೆ ದಾಟಿದ್ರೆ ಹೊಸ ಗೆರೆ, ಹೊಸ ಟೈಮ್. ಬೆಳಿಗ್ಗೆ ಎದ್ದ ತಕ್ಷಣ ಯಾರೂ ನೀರು ಬಳಸೋ ಮುಂಚೆ ಒಂದ್ಸಲ, ಸ್ನಾನ ಎಲ್ಲಾ ಮುಗಿದು ಎರಡು ಗಂಟೆ ಆದ್ಮೇಲೆ ಒಂದ್ಸಲ, ರಾತ್ರಿ ಮಲಗೋ ಮುಂಚೆ ಒಂದ್ಸಲ ಬೆರಳಿಟ್ಟು ನೋಡಿ, ತಣ್ಣಗೆ ಅಂಟುತ್ತಾ, ಒಣಗಿದ್ಯಾ, ಹನಿ ಇದ್ಯಾ ಅಂತ ಬರ್ಕೊಳ್ಳಿ. ಮೂರು ದಿನ ಬರೆದ್ರೆ ಸಾಕು. ಒಂದು ಎಚ್ಚರಿಕೆ: ನೀರು ಸ್ಲ್ಯಾಬ್ ದಾಟಿ ಬರೋಕೆ ಟೈಮ್ ತಗೊಳುತ್ತೆ, ಬೆಳಿಗ್ಗೆ ಏಳು ಗಂಟೆ ಸ್ನಾನದ ನೀರು ಕೆಳಗೆ ಒಂಬತ್ತಕ್ಕೋ ಹತ್ತಕ್ಕೋ ಕಾಣಬಹುದು, ಬಾತ್ರೂಮ್ ನೆಲದ ಕೆಳಗೆ ತಗ್ಗು ಮಾಡಿ ಇಟ್ಟಿಗೆ ಚೂರು, ಮಣ್ಣು ತುಂಬಿಸಿದ್ರೆ ಅದು ನೀರು ಕುಡಿದು ಇಟ್ಕೊಂಡು ದಿನಗಟ್ಟಲೆ ಜಿನುಗ್ತಾನೇ ಇರುತ್ತೆ. ಅದಕ್ಕೇ "ಯಾವಾಗ್ಲೂ ಒದ್ದೆ" ಅಂದ ಮಾತ್ರಕ್ಕೆ ಸಪ್ಲೈ ಪೈಪೇ ಅಂತ ನಾನು ನಂಬಲ್ಲ, ನೀರಿನ ಮೀಟರ್ ನೋಡಿ ಅಂತೀನಿ.

ಮೀಟರ್ ಪರೀಕ್ಷೆ ಸುಲಭ. ಮನೆಯ ಎಲ್ಲಾ ನಲ್ಲಿ ನಿಲ್ಲಿಸಿ, ವಾಷಿಂಗ್ ಮಷೀನ್ ಆಫ್ ಮಾಡಿ, ಮೀಟರಿನ ಎಲ್ಲಾ ಅಂಕಿ ಮುಳ್ಳು ಕಾಣೋ ಹಾಗೆ ಫೋಟೋ ತೆಗೀರಿ, ಎರಡು ಗಂಟೆ ಯಾರೂ ನೀರು ಮುಟ್ಟಬೇಡಿ, ಮತ್ತೆ ಫೋಟೋ ತೆಗೀರಿ. ಸೆಕೆಂಡಿಗೆ ಒಂದು ಹನಿ ಬಿದ್ರೂ ದಿನಕ್ಕೆ ಸುಮಾರು 15ರಿಂದ 20 ಲೀಟರ್ ಆಗುತ್ತೆ, ಅಂದ್ರೆ ಎರಡು ಗಂಟೇಲಿ ಒಂದು ಲೀಟರಿಗಿಂತ ಜಾಸ್ತಿ, ಮೀಟರಿನ ಚಿಕ್ಕ ಮುಳ್ಳಲ್ಲಿ ಗೊತ್ತಾಗುತ್ತೆ. ಓಡಿದ್ರೆ ತಕ್ಷಣ ಪೈಪ್ ಒಡೆದಿದೆ ಅನ್ಬೇಡಿ, ಫ್ಲಶ್ ಟ್ಯಾಂಕ್ ಒಳಗಿನ ವಾಷರ್ ಸವೆದು ಕಮೋಡಿಗೆ ಸದ್ದಿಲ್ಲದೆ ನೀರು ಇಳೀತಿದ್ರೂ ಮೀಟರ್ ಓಡುತ್ತೆ. ಟ್ಯಾಂಕಿಗೆ ನಾಲ್ಕು ಹನಿ ಅಡಿಗೆ ಬಣ್ಣ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ, ಕಮೋಡ್ ನೀರಿಗೆ ಬಣ್ಣ ಬಂದ್ರೆ ಅದು ಬೇರೆ ರಿಪೇರಿ, ಸೀಲಿಂಗ್ ಕಲೆಗೂ ಅದಕ್ಕೂ ಸಂಬಂಧ ಇಲ್ಲದೇ ಇರಬಹುದು.

ಮೀಟರ್ ನೀರು ನೇರ ನಲ್ಲಿಗೆ ಬರದೆ ಮೊದ್ಲು ಟ್ಯಾಂಕಿಗೆ ಹೋಗೋ ಮನೆ ಆದ್ರೆ ಈ ಪರೀಕ್ಷೆ ನಡೆಯಲ್ಲ. ಟ್ಯಾಂಕ್ ನೀರಿನ ಮಟ್ಟಕ್ಕೆ ಗುರುತು ಹಾಕಿ ನೋಡ್ತೀನಿ ಅಂತ ಕೆಲವ್ರು ಮಾಡ್ತಾರೆ, ಆದ್ರೆ ಒಂದು ಮೀಟರ್ ಅಗಲದ ದುಂಡು ಟ್ಯಾಂಕಲ್ಲಿ ಒಂದು ಸೆಂಟಿಮೀಟರ್ ಇಳಿಯೋಕೆ ಸುಮಾರು 8 ಲೀಟರ್ ಹೋಗ್ಬೇಕು, ಸಣ್ಣ ಲೀಕ್ ಒಂದು ರಾತ್ರೀಲಿ ಅಷ್ಟು ಇಳಿಸಲ್ಲ, ಗುರುತು ಹಾಗೇ ಇದೆ ಅಂತ ಮೋಸ ಹೋಗ್ತೀರ. ಅದರ ಬದ್ಲು ಆ ಬಾತ್ರೂಮಿಗೆ ಹೋಗೋ ವಾಲ್ವನ್ನೇ ಎರಡು ದಿನ ಮುಚ್ಚಿಡೋಕಾದ್ರೆ ಮುಚ್ಚಿ, ಬಾತ್ರೂಮ್ ಬಳಸ್ಲೇಬೇಡಿ, ಕಲೆ ಏನಾಯ್ತು ಅಂತ ಬರೀರಿ. ಕಲೆ ಒಣಗ್ತಾ ಬಂದ್ರೆ ಆ ಬಾತ್ರೂಮಿನ ನೀರೇ ಅನ್ನೋದಾದ್ರೂ ಖಚಿತ ಆಗುತ್ತೆ. ಆಮೇಲೆ ವಾಲ್ವ್ ಮಾತ್ರ ತೆಗೆದು, ಬಾತ್ರೂಮ್ ಇನ್ನೂ ಬಳಸದೆ ಒಂದು ದಿನ ಬಿಡಿ, ಮತ್ತೆ ಒದ್ದೆ ಆದ್ರೆ ಸಪ್ಲೈ ಪೈಪ್.

ಈಗ ನಾನು ನೋಡಿದ ಒಂದು ಕೇಸ್ ಹೇಳ್ತೀನಿ, ನಿಮ್ಮದಕ್ಕೆ ಹತ್ರ ಇದೆ. ಒಬ್ಬ ಮೇಡಂ ಮೊದ್ಲು ಕಳಿಸಿದ ಮೆಸೇಜ್ "ಕಮೋಡ್ ಲೀಕ್ ಆಗಿದೆ, ಸೀಲ್ ತಗೊಂಡು ಬನ್ನಿ" ಅಂತ. ಕಮೋಡಿನ ಕೆಳಗೇ ಕಲೆ ಇದೆ ಅಂತ ಅವರೇ ತೀರ್ಮಾನ ಮಾಡಿಬಿಟ್ಟಿದ್ರು. ನಾನು ಕಾರಣ ಬೇಡ ಮೇಡಂ, ಕಂಡಿದ್ದು ಬರೀರಿ ಸಾಕು ಅಂತ ಹೇಳಿ ಪೆನ್ಸಿಲ್ ಗೆರೆ ವಿಷ್ಯ ಹೇಳ್ದೆ. ನಾಲ್ಕು ದಿನ ಬಿಟ್ಟು ಅವರಿಂದ ಬಂದ ಮೆಸೇಜ್ ಹೆಚ್ಚು ಕಮ್ಮಿ ಹೀಗಿತ್ತು:

"ಸರ್, ಕಲೆ ಮೊದ್ಲು ಕಂಡಿದ್ದು ಸುಮಾರು ಮೂರು ವಾರದ ಹಿಂದೆ. ಈಗ 40 ಸೆಂಟಿಮೀಟರ್ ಅಗಲ ಇದೆ. ಬೆಳಿಗ್ಗೆ 6.30ಕ್ಕೆ ಮುಟ್ಟಿದ್ರೆ ಒಣಗಿರುತ್ತೆ. 7.15ರಿಂದ 8ರ ಒಳಗೆ ಇಬ್ರು ಶವರಲ್ಲಿ ಸ್ನಾನ ಮಾಡ್ತೀವಿ. 9.30ಕ್ಕೆ ಅಂಚು ಕಪ್ಪಾಗಿ ತಣ್ಣಗಿರುತ್ತೆ, 11ಕ್ಕೆ ಎರಡು ಮೂರು ಹನಿ ಬೀಳುತ್ತೆ, ಸಂಜೆಗೆ ನಿಲ್ಲುತ್ತೆ. ಬುಧವಾರ ಇಲ್ಲಿ ಯಾರೂ ಸ್ನಾನ ಮಾಡ್ಲಿಲ್ಲ, ಕಮೋಡ್ ಮತ್ತೆ ವಾಶ್ ಬೇಸಿನ್ ಮಾತ್ರ ಬಳಸಿದ್ವಿ, ಇಡೀ ದಿನ ಒಣಗಿತ್ತು. ನೀರಿಗೆ ವಾಸನೆ ಇಲ್ಲ. ಮೀಟರ್ ಎರಡು ಗಂಟೆ ನೋಡಿದ್ವಿ, ಒಂಚೂರೂ ಓಡಿಲ್ಲ. ಕಲೆಯ ಮಧ್ಯ ಕಿಟಕಿ ಗೋಡೆಯಿಂದ 110 ಸೆಂಟಿಮೀಟರ್, ಬಾಗಿಲ ಗೋಡೆಯಿಂದ 60. ಎರಡು ತಿಂಗಳ ಹಿಂದೆ ನೆಲವನ್ನ ಆಸಿಡ್ ಹಾಕಿ ತೊಳೆಸಿದ್ವಿ, ಬೇರೆ ಏನೂ ಕೆಲ್ಸ ಮಾಡಿಸಿಲ್ಲ. ಫೋಟೋ ನಾಲ್ಕು, ವಿಡಿಯೋ ಒಂದು ಕಳಿಸಿದೀನಿ."

ಇದನ್ನ ಓದಿ ನಾನು ಮನೇಲಿ ಕೂತೇ ಅರ್ಧ ಕೆಲ್ಸ ಮುಗಿಸ್ದೆ. ರಾತ್ರಿ ಒಣಗುತ್ತೆ, ಮೀಟರ್ ಓಡಿಲ್ಲ, ಹಾಗಾದ್ರೆ ಪ್ರೆಶರಲ್ಲಿ ನಿಂತಿರೋ ಪೈಪ್ ಅಲ್ಲ. ಬುಧವಾರ ಕಮೋಡ್, ಬೇಸಿನ್ ಬಳಸಿದ್ರೂ ಒದ್ದೆ ಆಗಿಲ್ಲ, ಕಮೋಡ್ ಸೀಲ್ ಅಲ್ಲ, ಬೇಸಿನ್ ವೇಸ್ಟ್ ಪೈಪೂ ಅಲ್ಲ. ಉಳಿದಿದ್ದು ಶವರ್ ತುಂಡು, ಡ್ರೈನ್, ನೆಲ. ಆಸಿಡ್ ಅಂತ ಬರೆದ ಒಂದು ಸಾಲು ನೋಡಿ ನನಗೆ ನೆಲದ ಮೇಲೇ ಅನುಮಾನ ಬಂತು, ಯಾಕಂದ್ರೆ ಸಿಮೆಂಟ್ ಗ್ರೌಟನ್ನ ಆಸಿಡ್ ತಿಂದುಹಾಕುತ್ತೆ. ಆದ್ರೂ ಅನುಮಾನದ ಮೇಲೆ ಒಡೆಯೋಕಾಗಲ್ಲ ಅಂತ ಮೂರು ದಿನ ಮೂರು ಪರೀಕ್ಷೆ ಮಾಡಿ ಅಂದೆ, ದಿನಕ್ಕೆ ಒಂದೇ, ಒಂದರ ನೀರು ಇನ್ನೊಂದಕ್ಕೆ ಬೆರೀಬಾರ್ದು, ಈ ಮೂರೂ ದಿನ ಅಲ್ಲಿ ಯಾರೂ ಸ್ನಾನ ಮಾಡಬಾರ್ದು.

ಮೊದಲ್ನೇ ದಿನ ಶವರ್ ಕೆಳಗೆ ಬಕೆಟ್ ಹಿಡಿದು ಶವರ್ ಹತ್ತು ನಿಮಿಷ ಬಿಡೋದು, ತುಂಬಿದ ಬಕೆಟನ್ನೆಲ್ಲ ಕಮೋಡಿಗೆ ಸುರಿಯೋದು, ನೆಲಕ್ಕೆ ಹನಿ ಬೀಳದ ಹಾಗೆ. ಕಮೋಡ್ ದಾರಿ ಸೋರಲ್ಲ ಅಂತ ಬುಧವಾರವೇ ಗೊತ್ತಾಗಿತ್ತಲ್ಲ, ಅದಕ್ಕೇ ಅಲ್ಲಿಗೆ ಸುರಿಸಿದ್ದು. ಕೆಳಗೆ ಏನೂ ಆಗ್ಲಿಲ್ಲ, ಶವರ್ ತುಂಡು ಸರಿ ಇದೆ. ಎರಡನೇ ದಿನ ನೆಲ ಒದ್ದೆ ಮಾಡದೆ ಒಂದು ಪೈಪಲ್ಲಿ ನೇರ ನೆಲದ ಟ್ರ್ಯಾಪ್ ಒಳಗೇ ಮೂರು ಬಕೆಟ್ ನೀರು. ಸಂಜೆವರೆಗೂ ಒಣಗೇ ಇತ್ತು, ಡ್ರೈನ್ ಪೈಪ್ ಸರಿ ಇದೆ. ಮೂರನೇ ದಿನ ಟ್ರ್ಯಾಪಿನ ಬಾಯಿಗೆ ಪ್ಲಾಸ್ಟಿಕ್ ಹಾಸಿ ಮೇಲೆ ಒದ್ದೆ ಬಟ್ಟೆ ಗಂಟು ಒತ್ತಿ, ನೆಲದ ಮೇಲೆ ಒಂದು ಸೆಂಟಿಮೀಟರ್ ನೀರು ನಿಲ್ಸಿದ್ರು. ಒಂದೂವರೆ ಗಂಟೆ ಆದ್ಮೇಲೆ ಕೆಳಗೆ ಅಂಚು ಕಪ್ಪಾಯ್ತು, ಆಮೇಲೆ ಹನಿ ಶುರು. ಅಲ್ಲಿಗೆ ಮುಗೀತು, ನೆಲವೇ.

ನಾನು ಹೋಗುವಾಗ ಕಮೋಡ್ ಸೀಲೂ ತಗೊಳ್ಳಿಲ್ಲ, ಕಟಿಂಗ್ ಮಷೀನೂ ತಗೊಳ್ಳಿಲ್ಲ, ಗ್ರೌಟ್ ಕೆರೆಯೋ ಸಾಮಾನು, ಎಪಾಕ್ಸಿ ಗ್ರೌಟ್ ತಗೊಂಡು ಹೋದೆ. ಟ್ರ್ಯಾಪಿನ ಜಾಲರಿ ಎತ್ತಿ ನೋಡಿದ್ರೆ ಟೈಲ್ಸಿಗೂ ಟ್ರ್ಯಾಪಿನ ಕತ್ತಿಗೂ ಮಧ್ಯ ಉಗುರು ಹೋಗೋಷ್ಟು ಸಂದಿ, ಅರ್ಧ ಸುತ್ತು. ನೀರು ಟ್ರ್ಯಾಪ್ ಒಳಗೆ ಹೋಗೋದರ ಜೊತೆ ಅದರ ಹೊರಮೈ ಹಿಡ್ಕೊಂಡು ಸ್ಲ್ಯಾಬಿಗೂ ಇಳೀತಿತ್ತು. ಸಂದಿ ಕೆರೆದು ಚೆನ್ನಾಗಿ ಒಣಗಿಸಿ ತುಂಬಿಸಿ, ಸುತ್ತಲಿನ ಟೈಲ್ಸ್ ಸಂದಿನೂ ಹೊಸದಾಗಿ ಹಾಕ್ದೆ. ಒಂದು ಟೈಲೂ ಒಡೀಲಿಲ್ಲ. ಕಲೆ ಕಮೋಡಿನ ಕೆಳಗೆ ಯಾಕಿತ್ತು ಅಂದ್ರೆ ನೀರು ಸ್ಲ್ಯಾಬ್ ಒಳಗೆ ಇಳಿಜಾರು ಸಿಕ್ಕ ಕಡೆ ಹರ್ಕೊಂಡು ಹೋಗಿ ಬಿರುಕು ಸಿಕ್ಕ ಕಡೆ ಹೊರಗೆ ಬರುತ್ತೆ, ಕಲೆ ಇರೋ ಜಾಗದ ನೆತ್ತಿ ಮೇಲೇ ಲೀಕ್ ಇರ್ಬೇಕು ಅಂತ ಏನಿಲ್ಲ.

ನಿಮ್ಮ ಮನೇಲಿ ಫಲಿತಾಂಶ ಬೇರೆ ಬರಬಹುದು. ಟ್ರ್ಯಾಪ್ ಒಳಗೆ ನೇರ ನೀರು ಬಿಟ್ಟಾಗಲೇ ಒದ್ದೆ ಆದ್ರೆ ಟ್ರ್ಯಾಪ್ ಅಥವಾ ಅದರ ಮುಂದಿನ ಜಾಯಿಂಟ್, ಆಗ ಒಡೆಯೋದು ಬೇಕಾಗಬಹುದು, ಆದ್ರೆ ಎಲ್ಲಿ ಅಂತ ಗೊತ್ತಿದ್ದು ಆ ಜಾಗದಲ್ಲಿ ಮಾತ್ರ ಒಡೀತಾರೆ. ಆ ಮೇಡಂ ಬರೆದ ಹಾಗೆ ವಾಸನೆ ಬಗ್ಗೆನೂ ಬರೀರಿ, ಅದಕ್ಕೂ ಕಾರಣ ಇದೆ, ಟ್ರ್ಯಾಪಲ್ಲಿ ಸದಾ ಸ್ವಲ್ಪ ನೀರು ನಿಂತು ಚರಂಡಿ ವಾಸನೆ ತಡೆಯುತ್ತೆ, ಟ್ರ್ಯಾಪೇ ಬಿರುಕು ಬಿಟ್ರೆ ಆ ನೀರು ಇಳಿದುಹೋಗಿ ಬಾತ್ರೂಮಲ್ಲಿ ವಾಸನೆ ಶುರು ಆಗುತ್ತೆ. ದಿನಾ ಬಳಸೋ ಬಾತ್ರೂಮಲ್ಲಿ ಕಲೆ ಜೊತೆ ವಾಸನೆನೂ ಬಂದ್ರೆ ನಾನು ಮೊದ್ಲು ಅದನ್ನೇ ನೋಡ್ತೀನಿ. ಹಾಗೇ ಮೀಟರ್ ಓಡ್ತಿದ್ರೆ, ಫ್ಲಶ್ ಟ್ಯಾಂಕ್ ಸರಿ ಇದ್ರೆ, ಗೀಸರ್ ಕರೆಂಟ್ ಆಫ್ ಮಾಡಿ ಗೀಸರಿಗೆ ಹೋಗೋ ತಣ್ಣೀರಿನ ವಾಲ್ವ್ ಮುಚ್ಚಿ ಇನ್ನೊಂದ್ಸಲ ಮೀಟರ್ ನೋಡಿ, ಈಗ ನಿಂತ್ರೆ ಲೀಕ್ ಬಿಸಿನೀರಿನ ಲೈನಲ್ಲಿದೆ, ಈ ಒಂದು ಸಾಲು ಬರೆದ್ರೆ ಪ್ಲಂಬರ್‌ಗೆ ಗೋಡೇಲಿ ಹುಡುಕೋದು ಅರ್ಧಕ್ಕೆ ಇಳಿಯುತ್ತೆ. ಇತ್ತೀಚೆಗೆ ಟವಲ್ ರಾಡಿಗೋ ಕನ್ನಡಿಗೋ ಗೋಡೆಗೆ ಡ್ರಿಲ್ ಮಾಡಿಸಿದ್ರೆ ಮರೀದೆ ಬರೀರಿ, ಪೈಪಿಗೇ ತೂತು ಬಿದ್ದಿರೋದು ಎಷ್ಟೋ ಸಲ ನೋಡಿದೀನಿ.

ಇನ್ನು ಫೋಟೋ. ಕಲೆಯನ್ನ ಹತ್ರದಿಂದ ತೆಗೆದ ಒಂದೇ ಫೋಟೋ ಬಂದ್ರೆ ನಮಗೆ ಬಿಳಿ ಗೋಡೆ ಮೇಲೆ ಕಂದು ಬಣ್ಣ ಕಾಣುತ್ತೆ, ಅದು ಅಂಗೈ ಅಷ್ಟಿದ್ಯಾ ಬಾಗಿಲಷ್ಟಿದ್ಯಾ ಗೊತ್ತಾಗಲ್ಲ. ಮೊದ್ಲು ಬಾಗಿಲಲ್ಲಿ ನಿಂತು ಸೀಲಿಂಗ್, ಎರಡು ಗೋಡೆ, ಮೂಲೆ ಎಲ್ಲಾ ಬರೋ ಹಾಗೆ ಒಂದು ತೆಗೀರಿ. ಆಮೇಲೆ ಪೆನ್ಸಿಲ್ ಗೆರೆ, ಬರೆದ ಟೈಮ್ ಕಾಣೋ ಹಾಗೆ, ಪಕ್ಕದಲ್ಲಿ ಟೇಪೋ ಸ್ಕೇಲೋ ಹಿಡಿದು ಇನ್ನೊಂದು. ಇದಕ್ಕೆ ಫ್ಲ್ಯಾಶ್ ಬೇಡ, ನೇರ ಬೆಳಕು ಬಿದ್ರೆ ತೇವ ಕಾಣೋದೇ ಇಲ್ಲ, ಬದ್ಲು ಬೇರೆಯವರ ಕೈಲಿ ಟಾರ್ಚ್ ಕೊಟ್ಟು ಪಕ್ಕದಿಂದ ಸೀಲಿಂಗಿಗೆ ಸವರೋ ಹಾಗೆ ಬೆಳಕು ಬಿಡಿಸಿ, ಪೇಂಟ್ ಉಬ್ಬಿರೋದು, ಒದ್ದೆ ಹೊಳಪು ಎಲ್ಲಾ ಎದ್ದು ಕಾಣುತ್ತೆ. ಮೂರನೇದು ಮೇಲಿನ ಬಾತ್ರೂಮ್, ಕೆಳಗೆ ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದ್ರೋ ಅದೇ ದಿಕ್ಕಿಂದ, ಕಮೋಡ್, ಶವರ್, ಟ್ರ್ಯಾಪ್ ಮೂರೂ ಒಂದೇ ಫೋಟೋದಲ್ಲಿ. ನಾಲ್ಕನೇದು ಟ್ರ್ಯಾಪ್ ಜಾಲರಿ ಎತ್ತಿ ಒಳಗಿನ ಅಂಚು.

ಇವಕ್ಕಿಂತ ಬೆಲೆ ಇರೋದು ಒಂದು ಕೈಚಿತ್ರಕ್ಕೆ. ಕಾಗದದ ಮೇಲೆ ಬಾತ್ರೂಮ್ ಚೌಕ ಬರೆದು ಎಲ್ಲಿ ಏನಿದೆ ಗುರುತು ಹಾಕಿ, ಕಲೆಯ ಮಧ್ಯಭಾಗ ಎರಡು ಗೋಡೆಯಿಂದ ಎಷ್ಟು ದೂರ ಅಂತ ಅಳೆದು ಬರೀರಿ. ಗೋಡೆ ಆರಿಸುವಾಗ ಕೆಳಗೂ ಮೇಲೂ ಒಂದರ ಮೇಲೊಂದು ಬರೋ ಗೋಡೆನೇ ಆಗ್ಬೇಕು, ಹೊರಗಿನ ಗೋಡೆ ಆದ್ರೆ ಒಳ್ಳೇದು. ಆ ಎರಡು ಅಳತೆ ಇದ್ರೆ ಮೇಲೆ ಎಲ್ಲಿಂದ ಹುಡುಕೋಕೆ ಶುರು ಮಾಡ್ಬೇಕು ಅಂತ ಪ್ಲಂಬರ್‌ಗೆ ಗೊತ್ತಾಗುತ್ತೆ. ವಿಡಿಯೋ ಹನಿ ಬೀಳೋವಾಗ ಮಾತ್ರ ಸಾಕು, 20 ಸೆಕೆಂಡ್, ಫ್ಯಾನ್ ಆಫ್ ಮಾಡಿ ಮಾತಾಡ್ದೆ ತೆಗೀರಿ, ಹನಿ ಎಷ್ಟು ಬೇಗ ಬೀಳುತ್ತೆ ಅಂತ ಎಣಿಸ್ಕೋತೀವಿ.

ವಾಯ್ಸ್ ಮೆಸೇಜ್ ಹಾಕ್ಲಾ ಅಂತ ಕೆಲವ್ರು ಕೇಳ್ತಾರೆ. ಹಾಕಿ, ತಪ್ಪಿಲ್ಲ, ಆದ್ರೆ ಟೈಮ್ ಅಳತೆ ಟೈಪ್ ಮಾಡೇ ಕಳಿಸಿ, ಸಾಮಾನು ಅಂಗಡೀಲಿ ನಿಂತಾಗ ಮತ್ತೆ ನೋಡ್ಬೇಕಾಗಿರೋದು ಅದೇ. ಎಲ್ಲಾನೂ ಒಂದೇ ಮೆಸೇಜಲ್ಲಿ ಹಾಕಿ, ಮೂರು ದಿನ ಚೂರು ಚೂರು ಕಳಿಸಿದ್ರೆ ಬೇರೆ ಮನೆಯವರ ಮೆಸೇಜ್ ಮಧ್ಯ ಕಳೆದುಹೋಗುತ್ತೆ. ಕೊನೇಲಿ ಆ ಬಾತ್ರೂಮಿನ ನೀರು ನಿಲ್ಲಿಸೋ ವಾಲ್ವ್ ಎಲ್ಲಿದೆ, ಅದು ಸರಿಯಾಗಿ ಮುಚ್ಚುತ್ತಾ, ಯಾವ ಹೊತ್ತಿಗೆ ಒದ್ದೆ ಇರುತ್ತೆ ಅಂತ ಬರೆದು "ಆ ಹೊತ್ತಿಗೇ ಬನ್ನಿ" ಅನ್ನಿ. ನಿಮ್ಮ ಪ್ಲಂಬರ್ ಎರಡು ಸಲನೂ ಒಣಗಿದ ಹೊತ್ತಿಗೇ ಬಂದಿದ್ದಾರೆ, ಅವರ ತಪ್ಪೂ ಅಲ್ಲ, ಅವರಿಗೆ ಯಾರೂ ಹೇಳಿರ್ಲಿಲ್ಲ.

ಒಂದು ವಿಷ್ಯದಲ್ಲಿ ಮಾತ್ರ ಕಾಯ್ಬೇಡಿ. ನೀರು ಲೈಟ್ ಪಾಯಿಂಟಿಂದ, ಫ್ಯಾನ್ ಹುಕ್ಕಿಂದ ಬರ್ತಿದ್ರೆ, ಇಲ್ಲಾ ಸೀಲಿಂಗ್ ಹೊಟ್ಟೆ ಬಿಟ್ಟಂಗೆ ಕೆಳಗೆ ಬಾಗಿದ್ರೆ ಮೇಲೆ ಹೇಳಿದ ಯಾವ ಪರೀಕ್ಷೆನೂ ಮಾಡ್ಬೇಡಿ, ನೆಲದ ಮೇಲೆ ನೀರು ತುಂಬಿ ನಿಲ್ಲಿಸೋ ಪರೀಕ್ಷೆಯಂತೂ ಬೇಡ್ವೇ ಬೇಡ. ಆ ರೂಮಿನ ಕರೆಂಟ್ ಎಂಸಿಬಿ ಇಳಿಸಿ, ನೀರಿನ ವಾಲ್ವ್ ಮುಚ್ಚಿ, ಮೆಸೇಜ್ ಅಲ್ಲ ಫೋನ್ ಮಾಡಿ.

ರಿಪೇರಿ ಆದ್ಮೇಲೆ ಪೇಂಟ್ ಹೊಡ್ಸೋಕೆ ಆತುರ ಬೇಡ. ಸ್ಲ್ಯಾಬ್ ಕುಡಿದ ನೀರು ಪೂರ್ತಿ ಆರೋಕೆ ವಾರಗಟ್ಟಲೆ ಬೇಕು, ಮೊದಲ ಕೆಲವು ದಿನ ಸ್ವಲ್ಪ ಜಿನುಗಿದ್ರೂ ರಿಪೇರಿ ಸರಿಯಾಗಿಲ್ಲ ಅಂತ ಅಲ್ಲ. ಕೊನೇ ಪೆನ್ಸಿಲ್ ಗೆರೆ ಹಾಗೇ ಇಟ್ಟು ಹತ್ತು ದಿನ ಎಂದಿನ ಹಾಗೇ ಸ್ನಾನ ಮಾಡಿ, ಅದೇ ಜಾಗದಲ್ಲಿ ನಿಂತು ಅದೇ ಬೆಳಕಲ್ಲಿ ಇನ್ನೊಂದು ಫೋಟೋ ತೆಗೆದು ಹಳೇದರ ಜೊತೆ ಪ್ಲಂಬರ್‌ಗೆ ಕಳಿಸಿ. ಆ ಮೇಡಂ ಕಳಿಸಿದ ಫೋಟೋದಲ್ಲಿ ಒದ್ದೆ ಅಂಚು ಗೆರೆಯಿಂದ ನಾಲ್ಕು ಬೆರಳು ಒಳಗೆ ಸರಿದಿತ್ತು, ಅದನ್ನ ನೋಡಿದ್ಮೇಲೇ ಪೇಂಟರ್‌ನ ಕರೆಸಿ ಅಂದೆ.